ಬ್ಯಾಟರಿಯ ಮೈಮೇಲಿನ ಸಣ್ಣ ಅಕ್ಷರಗಳು

ಹೊಸ ಕಾರ್ ಬ್ಯಾಟರಿಯ ಲೇಬಲ್ ಮೇಲೆ ಎರಡು ಅಂಕಿಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಒಂದು, 35 ಎಎಚ್ ಅಥವಾ 45 ಎಎಚ್ ಎಂಬ ಸಾಮರ್ಥ್ಯ. ಇನ್ನೊಂದು, 48 ತಿಂಗಳು, 60 ತಿಂಗಳು ಎಂಬ ವಾರಂಟಿ. ಅಂಗಡಿಯ ಮಾತುಕತೆಯೂ ಈ ಎರಡರ ಸುತ್ತಲೇ ಸುತ್ತುತ್ತದೆ. ಬ್ಯಾಟರಿ ಎಷ್ಟು ಕಾಲ ಬಾಳಬಹುದು, ಕೆಟ್ಟರೆ ನಿಮ್ಮ ಕೈಗೆ ಎಷ್ಟು ದುಡ್ಡು ಉಳಿಯುತ್ತದೆ ಎಂಬುದನ್ನು ಹೇಳುವ ಸಂಗತಿಗಳು ಮಾತ್ರ ಸಣ್ಣ ಅಕ್ಷರದಲ್ಲಿ ಅಡಗಿರುತ್ತವೆ: ಅದು ತಯಾರಾದ ತಿಂಗಳು, ಮತ್ತು ಆ 60 ತಿಂಗಳಲ್ಲಿ ನಿಜವಾಗಿ ಪುಕ್ಕಟೆ ಬದಲಿ ಸಿಗುವುದು ಎಷ್ಟು ತಿಂಗಳು ಎಂಬುದು. ಈ ನಾಲ್ಕನ್ನೂ ಯಾವ ಕ್ರಮದಲ್ಲಿ ಓದಬೇಕು ಎನ್ನುವುದನ್ನು ಒಂದು ನಿಜವಾದ ಖರೀದಿಯ ಮೂಲಕವೇ ಹೇಳುತ್ತೇನೆ.

ದಾವಣಗೆರೆಯ ನಮ್ಮ ಪರಿಚಿತ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಪೆಟ್ರೋಲ್‌ನ ಸಣ್ಣ ಕಾರಿದೆ. ವಾರಕ್ಕೆ ಎರಡು ಮೂರು ಸಲ ಮಾರುಕಟ್ಟೆಗೆ, ದೇವಸ್ಥಾನಕ್ಕೆ ಹೋಗಿಬರುತ್ತಾರೆ. ವರ್ಷಕ್ಕೊಮ್ಮೆ ಒಂದು ತಿಂಗಳು ಪುಣೆಯ ಮಗನ ಮನೆಗೆ ರೈಲಿನಲ್ಲಿ ಹೋಗುತ್ತಾರೆ, ಆಗ ಕಾರು ಮನೆ ಮುಂದೆಯೇ ನಿಂತಿರುತ್ತದೆ. ಕಳೆದ ಮೇ ತಿಂಗಳಲ್ಲಿ ವಾಪಸ್ ಬಂದು ಕೀ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದಷ್ಟೇ. ಬ್ಯಾಟರಿಗೆ ನಾಲ್ಕು ವರ್ಷ ದಾಟಿತ್ತು. ಹೊರಡುವ ಹಿಂದಿನ ದಿನದವರೆಗೂ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತಲ್ಲ, ಒಂದು ತಿಂಗಳಲ್ಲಿ ಏನಾಯಿತು ಎನ್ನುವುದು ಅವರ ಪ್ರಶ್ನೆ. ಇದರ ಉತ್ತರ ಎಎಚ್ ಅಂದರೇನು ಎಂಬುದರಲ್ಲೇ ಇದೆ.

ಎಎಚ್ ಅಂದರೆ ಆಂಪಿಯರ್ ಅವರ್. ಬ್ಯಾಟರಿಯಿಂದ ಎಷ್ಟು ಆಂಪ್ಸ್ ಕರೆಂಟನ್ನು ಎಷ್ಟು ಗಂಟೆ ತೆಗೆಯಬಹುದು ಎಂಬ ಗುಣಾಕಾರ. ಕಾರ್ ಬ್ಯಾಟರಿಗಳಲ್ಲಿ ಇದನ್ನು 20 ಗಂಟೆಯ ಲೆಕ್ಕದಲ್ಲಿ ಅಳೆಯುತ್ತಾರೆ. 35 ಎಎಚ್ ಎಂದರೆ, ಪೂರ್ತಿ ಚಾರ್ಜ್ ಆದ ಹೊಸ ಬ್ಯಾಟರಿಯಿಂದ 1.75 ಆಂಪ್ಸ್‌ನಂತೆ ಒಂದೇ ಸಮನೆ ತೆಗೆಯುತ್ತ ಹೋದರೆ, ವೋಲ್ಟೇಜ್ 10.5ಕ್ಕೆ ಇಳಿಯುವ ಹೊತ್ತಿಗೆ 20 ಗಂಟೆ ಆಗಿರುತ್ತದೆ. ನಿಧಾನವಾಗಿ ತೆಗೆದರೆ ಮಾತ್ರ ಈ ಲೆಕ್ಕ. ಹೆಡ್‌ಲೈಟ್ ಆರಿಸುವುದು ಮರೆತರೆ ಎರಡು ಬಲ್ಬುಗಳೂ ಸೇರಿ 9 ಆಂಪ್ಸ್ ಹತ್ತಿರ ಎಳೆಯುತ್ತವೆ. 35ನ್ನು 9ರಿಂದ ಭಾಗಿಸಿ ನಾಲ್ಕು ಗಂಟೆ ಬರುತ್ತದೆ ಎಂದುಕೊಂಡರೆ ಅದು ಸಿಗುವುದಿಲ್ಲ. ಜೋರಾಗಿ ಎಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಮೊತ್ತವೇ ಕಡಿಮೆಯಾಗುತ್ತದೆ.

ಇಂಜಿನ್ ಸ್ಟಾರ್ಟ್ ಮಾಡುವುದಕ್ಕೆ ಇದರಲ್ಲಿ ಎಷ್ಟು ಬೇಕು? ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ 150 ಆಂಪ್ಸ್ ಎಳೆಯುತ್ತದೆ, ಎರಡು ಸೆಕೆಂಡ್ ತಿರುಗುತ್ತದೆ ಎಂದು ಹಿಡಿಯೋಣ. ಲೆಕ್ಕ ಹಾಕಿದರೆ ಖರ್ಚಾಗುವುದು 0.08 ಎಎಚ್ ಚಿಲ್ಲರೆ ಮಾತ್ರ. ಸ್ಟಾರ್ಟ್‌ಗೆ ಬೇಕಾಗುವುದು ದೊಡ್ಡ ದಾಸ್ತಾನಲ್ಲ, ಎರಡು ಸೆಕೆಂಡಿನ ಮಟ್ಟಿಗೆ ದೊಡ್ಡ ಕರೆಂಟನ್ನು ಒಮ್ಮೆಲೇ ಬಿಡುವ ಶಕ್ತಿ. ಅದಕ್ಕೆ ಬೇರೆಯೇ ಅಂಕಿ ಇದೆ, ಲೇಬಲ್ ಮೇಲೆ ಸಿಸಿಎ ಎಂದು ಬರೆದಿರುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಬ್ಯಾಟರಿ 30 ಸೆಕೆಂಡ್ ಎಷ್ಟು ಆಂಪ್ಸ್ ಕೊಡಬಲ್ಲದು ಎಂಬ ಅಳತೆ ಅದು. ಅಂಥ ಚಳಿ ನಮ್ಮ ರಾಜ್ಯದಲ್ಲಿ ಎಲ್ಲಿಯೂ ಇಲ್ಲ. ಆದರೂ ಎರಡು ಬ್ಯಾಟರಿಗಳ ಎಎಚ್ ಒಂದೇ ಇದ್ದಾಗ ಹೆಚ್ಚು ಸಿಸಿಎ ಇರುವುದು ಸ್ಟಾರ್ಟಿಂಗ್‌ಗೆ ಮೇಲು.

ಹಾಗಾದರೆ ಎಎಚ್ ಯಾವುದಕ್ಕೆ? ನಿಂತ ಗಾಡಿಗೆ. ಕೀ ತೆಗೆದು ಬಾಗಿಲು ಹಾಕಿದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಸೆಂಟ್ರಲ್ ಲಾಕ್‌ನ ರಿಸೀವರ್, ಇಮ್ಮೊಬಿಲೈಸರ್, ಗಡಿಯಾರ, ಸ್ಟೀರಿಯೋದ ಮೆಮೊರಿ ಎಲ್ಲವೂ ತುಸುತುಸುವೇ ಕುಡಿಯುತ್ತಿರುತ್ತವೆ. ಎಲ್ಲಾ ಸೇರಿ 30 ಮಿಲಿ ಆಂಪ್ಸ್ ಎಂದುಕೊಂಡರೆ ದಿನಕ್ಕೆ 0.72 ಎಎಚ್ ಆಯಿತು. ಮೂವತ್ತು ದಿನಕ್ಕೆ 21.6 ಎಎಚ್. ಹೊಸ 35 ಎಎಚ್ ಬ್ಯಾಟರಿಯಲ್ಲಿ ಇಷ್ಟು ಹೋದರೂ 13 ಚಿಲ್ಲರೆ ಉಳಿದಿರುತ್ತದೆ. ಗಾಡಿ ಸೊರಗಿದ ದನಿಯಲ್ಲಾದರೂ ಸ್ಟಾರ್ಟ್ ಆದೀತು. ನಾಲ್ಕು ವರ್ಷ ಸವೆದ ಬ್ಯಾಟರಿಯಲ್ಲಿ ಅಸಲಿಗೆ ಉಳಿದಿರುವ ಸಾಮರ್ಥ್ಯವೇ 21 ಎಎಚ್ ಇರಬಹುದು. ಅದು ತಿಂಗಳು ತುಂಬುವ ಹೊತ್ತಿಗೆ ಬರಿದು. ಆಗಾಗ ಓಡಿಸುವಾಗ ಆಲ್ಟರ್ನೇಟರ್ ಖರ್ಚನ್ನು ತುಂಬಿಕೊಡುತ್ತಿದ್ದುದರಿಂದ ಈ ಕೊರತೆ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರ ಕಾರಿನಲ್ಲಿ ಆಗಿದ್ದು ಇದೇ.

ಅಂಗಡಿಯಲ್ಲಿ ಅವರಿಗೆ ಸಿಕ್ಕ ಮೊದಲ ಸಲಹೆ, 35 ಬಿಟ್ಟು 45 ಎಎಚ್ ಹಾಕಿಸಿ ಎನ್ನುವುದು. ಇದು ಕೆಟ್ಟ ಸಲಹೆಯೇನಲ್ಲ. ದೊಡ್ಡ ಬ್ಯಾಟರಿ ಹಾಕಿದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ ಎಂದು ಕೆಲವು ಮೆಕ್ಯಾನಿಕ್‌ಗಳು ಹೆದರಿಸುತ್ತಾರೆ. ಹತ್ತು ಎಎಚ್ ವ್ಯತ್ಯಾಸಕ್ಕೆ ಹಾಗೇನೂ ಆಗುವುದಿಲ್ಲ. ಕಾರು ಎಷ್ಟು ಖರ್ಚು ಮಾಡಿತ್ತೋ ಅಷ್ಟನ್ನೇ ಆಲ್ಟರ್ನೇಟರ್ ತುಂಬಿಕೊಡಬೇಕು. ಟ್ಯಾಂಕ್ ದೊಡ್ಡದಾದ ಮಾತ್ರಕ್ಕೆ ಮನೆಯ ನೀರಿನ ಖರ್ಚು ಹೆಚ್ಚಾಗುವುದಿಲ್ಲವಲ್ಲ, ಹಾಗೆ. ನಿಜವಾದ ತೊಡಕು ಬೇರೆ ಕಡೆ ಇದೆ, ಅದು ಜಾಗದ್ದು.

ಮೇಷ್ಟ್ರ ಹಳೇ ಬ್ಯಾಟರಿಯ ಮೇಲೆ 38ಬಿ20ಎಲ್ ಎಂದಿತ್ತು. ಇದು ಜಪಾನಿನ ಅಳತೆಯ ಗುರುತು, ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟಕ್ಕೆ ಇದೇ ಬರುತ್ತದೆ. ಮೊದಲ 38ನ್ನು ನೋಡಿ ಇದು 38 ಎಎಚ್ ಎಂದು ತಿಳಿಯುವವರು ಬಹಳ ಮಂದಿ. ಅದು ಬ್ಯಾಟರಿಯ ಕಾರ್ಯಕ್ಷಮತೆಯ ದರ್ಜೆ, ಎಎಚ್ ಅಲ್ಲ. ಈ ಬ್ಯಾಟರಿ 35 ಎಎಚ್‌ನದು. ಬಿ ಎನ್ನುವುದು ಅಗಲ ಮತ್ತು ಎತ್ತರದ ಗುಂಪು. 20 ಎನ್ನುವುದು ಸೆಂಟಿಮೀಟರಿನಲ್ಲಿ ಉದ್ದ, ಹೆಚ್ಚುಕಡಿಮೆ. ಕೊನೆಯ ಎಲ್ ಅಥವಾ ಆರ್, ಪ್ಲಸ್ ಟರ್ಮಿನಲ್ ಯಾವ ಬದಿಗಿದೆ ಎನ್ನುವುದರ ಗುರುತು. ಇದರಲ್ಲಿ ತಪ್ಪಿದರೆ ಕಾರಿನ ಕೇಬಲ್ ಟರ್ಮಿನಲ್‌ವರೆಗೆ ಮುಟ್ಟುವುದಿಲ್ಲ, ಅಥವಾ ಎಳೆದು ಕಟ್ಟಬೇಕಾಗುತ್ತದೆ. ಎಳೆದು ಕಟ್ಟಿದ ಪ್ಲಸ್ ಕೇಬಲ್ ಬಾನೆಟ್‌ಗೋ ಬ್ರಾಕೆಟ್‌ಗೋ ಉಜ್ಜಿದರೆ ಬೆಂಕಿಗೆ ದಾರಿ.

ಅಂಗಡಿಯವರು ತೋರಿಸಿದ 45 ಎಎಚ್ ಬ್ಯಾಟರಿ ಬಿ24 ಅಳತೆಯದು, ಅಂದರೆ ಹಳೆಯದಕ್ಕಿಂತ ಸುಮಾರು 4 ಸೆಂಟಿಮೀಟರ್ ಉದ್ದ. ಮೇಷ್ಟ್ರ ಕಾರಿನ ಟ್ರೇಗೆ ಅದು ಕೂರುತ್ತಿರಲಿಲ್ಲ. ಹಾಗಿದ್ದೂ ಟ್ರೇಯ ಅಂಚನ್ನು ಬಗ್ಗಿಸಿ, ಕ್ಲ್ಯಾಂಪ್ ಬಿಟ್ಟು, ರಬ್ಬರ್ ಪಟ್ಟಿಯಲ್ಲಿ ಬಿಗಿದು ಕಳಿಸುವುದುಂಟು. ಸರಿಯಾಗಿ ಕೂರದ ಬ್ಯಾಟರಿ ಪ್ರತಿ ಗುಂಡಿಗೂ ಅಲುಗುತ್ತದೆ, ಒಳಗಿನ ಪ್ಲೇಟುಗಳ ಮೇಲಿನ ಲೇಪ ಉದುರುತ್ತದೆ. ಆಮೇಲೆ ವಾರಂಟಿ ಕೇಳಲು ಹೋದರೆ, ಈ ಮಾಡೆಲ್ ನಿಮ್ಮ ಗಾಡಿಗೆ ಶಿಫಾರಸು ಮಾಡಿದ್ದಲ್ಲ ಎಂಬ ಒಂದೇ ಮಾತಿನಲ್ಲಿ ಬಾಗಿಲು ಮುಚ್ಚಬಹುದು. ಟರ್ಮಿನಲ್‌ನ ದಪ್ಪದಲ್ಲೂ ಎರಡು ಬಗೆಯಿದೆ. 55ಬಿ24ಎಲ್‌ಎಸ್ ಎಂಬಂಥ ಹೆಸರಿನ ಕೊನೆಯ ಎಸ್ ದಪ್ಪ ಟರ್ಮಿನಲ್‌ನ ಗುರುತು. ಸಣ್ಣ ಟರ್ಮಿನಲ್‌ಗೆ ಹೊಂದುವ ಕೇಬಲ್ ತುದಿಯನ್ನು ಅದರ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸುವುದನ್ನು ಕಂಡರೆ ಅಲ್ಲೇ ತಡೆಯಿರಿ. ಆ ಪೆಟ್ಟು ನೇರ ಒಳಗಿನ ಜೋಡಣೆಗೆ ಬೀಳುತ್ತದೆ.

ಆದ್ದರಿಂದ ಎಎಚ್ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ಕಾರಿನ ಮ್ಯಾನುಯಲ್‌ನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಎಂದೂ ಬೇಡ. ಅದೇ ಟ್ರೇ, ಅದೇ ಕ್ಲ್ಯಾಂಪ್, ಅದೇ ಕೇಬಲ್‌ಗೆ ಹೊಂದುವಷ್ಟು ಸ್ವಲ್ಪ ಹೆಚ್ಚಿನದು ಸಿಕ್ಕರೆ, ಕಂಪನಿಯ ಪಟ್ಟಿಯಲ್ಲಿ ಅದು ನಿಮ್ಮ ಮಾಡೆಲ್‌ಗೆ ಇದ್ದರೆ, ತೆಗೆದುಕೊಳ್ಳಿ. ಅದಕ್ಕಾಗಿ ಕಾರನ್ನು ತಿದ್ದಲು ಹೋಗಬೇಡಿ. ಡೀಸೆಲ್ ಇಂಜಿನ್‌ನಲ್ಲಿ ಕಂಪ್ರೆಶನ್ ಹೆಚ್ಚು, ತಿರುಗಿಸಲು ಬಲ ಜಾಸ್ತಿ ಬೇಕು. ಅದೇ ಕಾರಿನ ಡೀಸೆಲ್ ಮಾಡೆಲ್‌ಗೆ ದೊಡ್ಡ ಬ್ಯಾಟರಿ ಇರುವುದು ಅದಕ್ಕೇ. ಇನ್ನು ಸಿಗ್ನಲ್‌ನಲ್ಲಿ ನಿಂತಾಗ ತಾನೇ ಆಫ್ ಆಗಿ, ಕ್ಲಚ್ ಒತ್ತಿದರೆ ಮತ್ತೆ ಸ್ಟಾರ್ಟ್ ಆಗುವ ಕಾರುಗಳಿಗೆ ಇಎಫ್‌ಬಿ ಅಥವಾ ಎಜಿಎಂ ಎಂಬ ಬೇರೆ ಜಾತಿಯ ಬ್ಯಾಟರಿ ಬರುತ್ತದೆ. ಬೆಲೆ ಕಡಿಮೆ ಎಂದು ಅಲ್ಲಿ ಮಾಮೂಲಿ ಬ್ಯಾಟರಿ ಕೂರಿಸಿದರೆ ಎಎಚ್ ಎಷ್ಟೇ ಹೊಂದಿದರೂ ದಿನಕ್ಕೆ ಹತ್ತಾರು ಸಲದ ಸ್ಟಾರ್ಟ್‌ಗೆ ಅದು ಬೇಗ ಸೋಲುತ್ತದೆ.

ಮೇಷ್ಟ್ರಿಗೆ 45ರ ಅಗತ್ಯ ಇರಲಿಲ್ಲ. ಪುಣೆಗೆ ಹೊರಡುವ ದಿನ ಹತ್ತು ನಂಬರ್ ಸ್ಪ್ಯಾನರ್‌ನಲ್ಲಿ ಮೈನಸ್ ಟರ್ಮಿನಲ್ ಬಿಚ್ಚಿಟ್ಟರೆ ದಿನಕ್ಕೆ 0.72 ಎಎಚ್‌ನ ಆ ಖರ್ಚು ನಿಂತುಹೋಗುತ್ತದೆ. ವಾಪಸ್ ಬಂದಾಗ ಗಡಿಯಾರ ಸರಿಮಾಡಿಕೊಳ್ಳಬೇಕು, ಕೆಲವು ಕಾರುಗಳಲ್ಲಿ ಪವರ್ ವಿಂಡೋವನ್ನು ಹೊಸದಾಗಿ ಹೊಂದಿಸಬೇಕು, ಸ್ಟೀರಿಯೋ ಕೋಡ್ ಕೇಳಬಹುದು. ಅಷ್ಟೇ ಕೆಲಸ. 38ಬಿ20ಎಲ್ ಅಳತೆಯದೇ ಸಾಕು ಎಂದು ತೀರ್ಮಾನವಾಯಿತು. ಆಗ ಕೌಂಟರ್ ಮೇಲೆ ಎರಡು ಬ್ಯಾಟರಿ ಬಂದು ಕೂತವು. ಎರಡೂ 35 ಎಎಚ್, ಎರಡೂ ಹೆಸರುವಾಸಿ ಕಂಪನಿಗಳವೇ. ಒಂದಕ್ಕೆ 60 ತಿಂಗಳ ವಾರಂಟಿ, ಹಳೇ ಬ್ಯಾಟರಿ ಕೊಟ್ಟರೆ 4,900 ರೂಪಾಯಿ. ಇನ್ನೊಂದಕ್ಕೆ 48 ತಿಂಗಳು, ಹಳೆಯದು ಕೊಟ್ಟು 4,200.

"60ರದ್ದೇ ತಗೋಳ್ರಿ ಸರ, ಐದು ವರ್ಷ ಚಿಂತಿ ಇಲ್ಲ" ಎಂದರು ಅಂಗಡಿಯವರು. ಜೊತೆಗೆ ಹೋಗಿದ್ದ ನಾನು ತಯಾರಾದ ತಿಂಗಳು ಹುಡುಕಿದೆ.

ಸೀಸ ಮತ್ತು ಆಮ್ಲದ ಬ್ಯಾಟರಿ ಆಮ್ಲ ತುಂಬಿದ ದಿನದಿಂದಲೇ ಕೆಲಸ ಶುರು ಮಾಡುತ್ತದೆ, ಕಾರಿಗೆ ಹಾಕಿದ ದಿನದಿಂದ ಅಲ್ಲ. ಈಗ ಬರುವ ಬ್ಯಾಟರಿಗಳು ಕಾರ್ಖಾನೆಯಲ್ಲೇ ಆಮ್ಲ ತುಂಬಿ, ಚಾರ್ಜ್ ಆಗಿ ಬರುತ್ತವೆ. ಶೆಲ್ಫ್ ಮೇಲೆ ಸುಮ್ಮನೆ ಕೂತಿದ್ದರೂ ಒಳಗಿನ ಚಾರ್ಜ್ ತಾನಾಗಿ ಸೋರುತ್ತಿರುತ್ತದೆ. ತಿಂಗಳಿಗೆ ಶೇಕಡ ಕೆಲವೇ ಪಾಲು, ನಿಜ. ಆದರೆ ಬಿಸಿಲು ಇದನ್ನು ಹೆಚ್ಚಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಸೋರಿಕೆ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ ಎಂಬುದು ಈ ಕಸುಬಿನ ಸಾಮಾನ್ಯ ಲೆಕ್ಕ. ತಗಡಿನ ಮಾಡಿನ ಕೆಳಗೆ ಒಂದು ಬೇಸಿಗೆ ಕಳೆದ ಬ್ಯಾಟರಿಯನ್ನೂ ತಂಪಾದ ಗೋದಾಮಿನಲ್ಲಿದ್ದುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು.

ಚಾರ್ಜ್ ಇಳಿದರೆ ಮತ್ತೆ ಏರಿಸಬಹುದಲ್ಲ, ಅದರಲ್ಲೇನು ನಷ್ಟ ಎನ್ನಬಹುದು. ಚಾರ್ಜ್ ಇಳಿದಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಆಗ ತಾನೇ ಕೂತಿದ್ದು ನುಣ್ಣಗಿರುತ್ತದೆ, ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದು ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ, ಆಮೇಲೆ ಸುಲಭಕ್ಕೆ ಬಿಡುವುದಿಲ್ಲ. ಹರಳು ಹಿಡಿದ ಜಾಗ ಕೆಲಸಕ್ಕೆ ಬಾರದು. ಲೇಬಲ್ ಮೇಲೆ 35 ಎಎಚ್ ಎಂದೇ ಇರುತ್ತದೆ, ಒಳಗಿರುವುದು ಮಾತ್ರ ಅಷ್ಟಲ್ಲ. ತಯಾರಿಕೆಯ ತಾರೀಖು ನೋಡದೆ ಎಎಚ್ ಅಂಕಿಯನ್ನು ನಂಬುವುದರಲ್ಲಿ ಅರ್ಥವಿಲ್ಲ ಎನ್ನುವುದು ಇದಕ್ಕೇ.

ತಾರೀಖು ಎಲ್ಲಿರುತ್ತದೆ? ಎರಡು ಕಡೆ ನೋಡಬೇಕು. ಮೊದಲನೆಯದು ಪೆಟ್ಟಿಗೆ ಅಥವಾ ಹೊದಿಕೆಯ ಮೇಲಿನ ಲೇಬಲ್. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಾದ ತಿಂಗಳು, ವರ್ಷ ಮತ್ತು ಎಂಆರ್‌ಪಿಯನ್ನು ಪೊಟ್ಟಣದ ಮೇಲೆ ಎಲ್ಲರಿಗೂ ತಿಳಿಯುವಂತೆ ಅಚ್ಚು ಹಾಕಬೇಕು. ಎರಡನೆಯದು ಬ್ಯಾಟರಿಯ ಮೈಮೇಲೆಯೇ ಒತ್ತಿದ ಕೋಡ್. ಮುಚ್ಚಳದ ಮೇಲೋ, ಪಕ್ಕದ ಪ್ಲಾಸ್ಟಿಕ್ಕಿನಲ್ಲೋ, ಕೆಲವೊಮ್ಮೆ ಟರ್ಮಿನಲ್‌ನ ಸೀಸದ ಮೇಲೋ ಇರುತ್ತದೆ. ಪೆಟ್ಟಿಗೆಯನ್ನು ಅದಲುಬದಲು ಮಾಡಬಹುದು, ಸ್ಟಿಕರ್ ಕಿತ್ತು ಬೇರೆ ಅಂಟಿಸಬಹುದು. ಬಿಸಿಯಿಂದ ಪ್ಲಾಸ್ಟಿಕ್ಕಿಗೆ ಒತ್ತಿದ್ದನ್ನು ಗುರುತು ಉಳಿಯದಂತೆ ಬದಲಿಸುವುದು ಕಷ್ಟ. ಹಾಗಾಗಿ ಮೈಮೇಲಿನ ಕೋಡ್‌ಗೇ ಹೆಚ್ಚು ಬೆಲೆ ಕೊಡಬೇಕು.

ಕೋಡ್ ಓದುವುದಕ್ಕೆ ಎಲ್ಲ ಕಂಪನಿಗೂ ಒಂದೇ ಸೂತ್ರ ಇಲ್ಲ. ಕೆಲವರು ದಿನ, ತಿಂಗಳು, ವರ್ಷವನ್ನು ನೇರ ಅಂಕಿಯಲ್ಲೇ ಒತ್ತುತ್ತಾರೆ. ಬಹಳ ಬಳಕೆಯಲ್ಲಿರುವ ಇನ್ನೊಂದು ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ ತಿಂಗಳಿಗೆ, ಒಂದು ಅಂಕಿ ವರ್ಷದ ಕೊನೆಗೆ. ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ, ಹೀಗೆ. ಸಿ5 ಎಂದಿದ್ದರೆ 2025ರ ಮಾರ್ಚ್. ಇಲ್ಲೊಂದು ಸಣ್ಣ ತೊಡಕಿದೆ. ಇಂಗ್ಲಿಷಿನ ಐ ಅಕ್ಷರ ಒಂದರಂತೆ ಕಾಣುವುದರಿಂದ ಕೆಲವು ಕಡೆ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಬಿಡದಿದ್ದರೆ ಜೆ ಎಂದರೆ ಅಕ್ಟೋಬರ್, ಬಿಟ್ಟಿದ್ದರೆ ಸೆಪ್ಟೆಂಬರ್. ಕೌಂಟರ್ ಮೇಲಿದ್ದ 60 ತಿಂಗಳ ಬ್ಯಾಟರಿಯ ಮುಚ್ಚಳದ ಕೋಡ್ ಜೆಯಿಂದಲೇ ಶುರುವಾಗಿತ್ತು, ಪೆಟ್ಟಿಗೆಯ ಲೇಬಲ್ ಮೇಲೆ ಸೆಪ್ಟೆಂಬರ್ ಎಂದಿತ್ತು. ಅಲ್ಲಿಗೆ ಅವರ ಸೂತ್ರವೂ ತಿಳಿಯಿತು, ಎರಡೂ ತಾಳೆಯಾದವು. ನಾವು ನಿಂತಿದ್ದು ಮೇ ತಿಂಗಳಲ್ಲಿ. ಅಂದರೆ ಬ್ಯಾಟರಿಗೆ ಎಂಟು ತಿಂಗಳು ತುಂಬುತ್ತಿತ್ತು, ಅದರಲ್ಲಿ ದಾವಣಗೆರೆಯ ಮಾರ್ಚ್ ಮತ್ತು ಏಪ್ರಿಲ್ ಕೂಡ ಸೇರಿದ್ದವು. 48 ತಿಂಗಳದ್ದು ಹಿಂದಿನ ತಿಂಗಳು, ಏಪ್ರಿಲ್‌ನಲ್ಲಿ ತಯಾರಾಗಿತ್ತು. ನಿಮಗೆ ಕೋಡ್ ಓದಲು ಬಾರದಿದ್ದರೆ ಸಂಕೋಚಪಡದೆ ಅಂಗಡಿಯವರನ್ನೇ ಓದಿಸಿ, ಓದಿದ ತಿಂಗಳನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಂತೆ.

ಮೂರು ತಿಂಗಳ ಒಳಗಿನದಾದರೆ ಯೋಚನೆ ಬೇಡ. ಮೂರರಿಂದ ಆರು ತಿಂಗಳಾಗಿದ್ದರೆ ಅಳೆದು ತೆಗೆದುಕೊಳ್ಳಿ. ಆರು ದಾಟಿದ್ದರೆ ಬೇರೆ ಕೇಳಿ, ಇಲ್ಲ ಎಂದರೆ ಬೇರೆ ಅಂಗಡಿ ನೋಡಿ. ಸಣ್ಣ ಊರಿನಲ್ಲಿ ಅಪರೂಪದ ಅಳತೆಯ ಬ್ಯಾಟರಿ ಬೇಕಾದಾಗ ಈ ಆಯ್ಕೆ ಇರುವುದಿಲ್ಲ, ಆಗ ಅಳತೆಯೇ ಗತಿ. ಮಲ್ಟಿಮೀಟರ್ ಎಲ್ಲ ಬ್ಯಾಟರಿ ಅಂಗಡಿಯಲ್ಲೂ ಇರುತ್ತದೆ. ಸುಮ್ಮನೆ ಕೂತ ಬ್ಯಾಟರಿ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.4 ಎಂದರೆ ಮುಕ್ಕಾಲು. 12.2 ಎಂದರೆ ಅರ್ಧ ಖಾಲಿ, ಅಂಥದ್ದನ್ನು ಹೊಸದೆಂದು ದುಡ್ಡು ಕೊಟ್ಟು ತರಬಾರದು. ಒಂದು ಎಚ್ಚರಿಕೆ ಇದೆ. ಆಗ ತಾನೇ ಚಾರ್ಜರ್‌ನಿಂದ ಬಿಚ್ಚಿದ ಬ್ಯಾಟರಿ 13ರ ಹತ್ತಿರ ತೋರಿಸುತ್ತದೆ. ಅದು ಮೇಲುಮೇಲಿನ ಚಾರ್ಜ್, ಕೆಲವು ಗಂಟೆ ಕಳೆದ ಮೇಲೆ ಉಳಿಯುವ ಅಂಕಿಯೇ ನಿಜ. "ಈಗ ಚಾರ್ಜ್ ಹಾಕಿ ಕೊಡ್ತೀವಿ" ಎಂದಾಗ ಅರ್ಧ ಗಂಟೆಗೆ ಒಪ್ಪಬೇಡಿ, ರಾತ್ರಿಯಿಡೀ ಹಾಕಿಸಿ ಮರುದಿನ ಅಳೆಯಿರಿ. ಮುಚ್ಚಳದ ಮೇಲಿನ ಹಸಿರು ಕಣ್ಣನ್ನೇ ನೋಡಿ ತೃಪ್ತರಾಗುವವರೂ ಇದ್ದಾರೆ. ಬ್ಯಾಟರಿಯೊಳಗೆ ಆರು ಸೆಲ್‌ಗಳಿವೆ, ಆ ಕಣ್ಣು ಇರುವುದು ಒಂದರಲ್ಲಿ ಮಾತ್ರ. ಉಳಿದ ಐದರ ಸುದ್ದಿ ಅದಕ್ಕೆ ಗೊತ್ತಿಲ್ಲ.

ಸೆಪ್ಟೆಂಬರ್‌ನ ಆ ಬ್ಯಾಟರಿ 12.38 ತೋರಿಸಿತು. ಏಪ್ರಿಲ್‌ನದು 12.67. ಅಂಗಡಿಯವರ ವಾದ, ವಾರಂಟಿ ಬಿಲ್ ಹಾಕಿದ ಇವತ್ತಿನಿಂದಲೇ ಶುರು, ಹಳೇ ತಾರೀಖಿನಿಂದ ನಿಮಗೇನು ನಷ್ಟ ಎಂಬುದು. ಕೇಳಲು ಸರಿಯಾಗಿದೆ. ಇದಕ್ಕೆ ಉತ್ತರ ವಾರಂಟಿ ಕಾರ್ಡಿನ ಒಳಪುಟದಲ್ಲಿದೆ.

60 ತಿಂಗಳು ಎಂಬುದು ಒಂದೇ ತುಂಡಲ್ಲ. ಆ ಕಾರ್ಡಿನಲ್ಲಿ 30 ಪ್ಲಸ್ 30 ಎಂದಿತ್ತು. ಮೊದಲ 30 ತಿಂಗಳಲ್ಲಿ ತಯಾರಿಕೆಯ ದೋಷದಿಂದ ಬ್ಯಾಟರಿ ಕೆಟ್ಟರೆ ಪುಕ್ಕಟೆ ಬೇರೆ ಕೊಡುತ್ತಾರೆ. ನಂತರದ 30 ತಿಂಗಳು ಪ್ರೊ ರೇಟಾ, ಅಂದರೆ ಹೊಸ ಬ್ಯಾಟರಿ ಕೊಳ್ಳುವಾಗ ಒಂದಷ್ಟು ರಿಯಾಯಿತಿ. ತಿಂಗಳು ಕಳೆದಂತೆ ಈ ರಿಯಾಯಿತಿ ಕರಗುತ್ತ ಹೋಗುತ್ತದೆ. 48 ತಿಂಗಳ ಬ್ಯಾಟರಿಯ ಕಾರ್ಡಿನಲ್ಲಿ ಇದ್ದದ್ದು 30 ಪ್ಲಸ್ 18. ಪುಕ್ಕಟೆ ಭಾಗ ಎರಡರಲ್ಲೂ ಒಂದೇ! ಹೆಚ್ಚುವರಿ 700 ರೂಪಾಯಿ ಹೋಗುತ್ತಿದ್ದುದು ಬಾಲದ ಹನ್ನೆರಡು ತಿಂಗಳ ರಿಯಾಯಿತಿಗೆ.

ಆ ರಿಯಾಯಿತಿಯ ಬೆಲೆ ಎಷ್ಟು? ಇಲ್ಲಿ ಗ್ರಾಹಕರು ಗಮನಿಸದ ಒಂದು ಸಂಗತಿ ಇದೆ. ರಿಯಾಯಿತಿಯನ್ನು ಸಾಮಾನ್ಯವಾಗಿ ಎಂಆರ್‌ಪಿ ಮೇಲೆ ಲೆಕ್ಕ ಹಾಕುತ್ತಾರೆ. ಅಂಗಡಿಯಲ್ಲಿ ಯಾರೂ ಎಂಆರ್‌ಪಿಗೆ ಬ್ಯಾಟರಿ ಕೊಳ್ಳುವುದಿಲ್ಲ. 60 ತಿಂಗಳ ಬ್ಯಾಟರಿಯ ಎಂಆರ್‌ಪಿ 6,000, ಹಳೆಯದು ಕೊಟ್ಟರೆ ಮಾರಾಟದ ಬೆಲೆ 4,900 ಎಂದಿಟ್ಟುಕೊಂಡು ನೋಡೋಣ. 35ನೇ ತಿಂಗಳಲ್ಲಿ ಕೆಟ್ಟು ಶೇಕಡ 40 ರಿಯಾಯಿತಿ ಸಿಕ್ಕಿತೆನ್ನಿ. ನೀವು ಕೊಡಬೇಕಾದ್ದು 3,600. ಕೆಟ್ಟ ಬ್ಯಾಟರಿಯನ್ನು ಕಂಪನಿಗೆ ಒಪ್ಪಿಸಬೇಕು, ಗುಜರಿ ಬೆಲೆ ಬೇರೆ ಬರುವುದಿಲ್ಲ. ಆದರೂ 1,300 ಉಳಿಯಿತು, ಒಳ್ಳೆಯದೇ. ಅದೇ ಬ್ಯಾಟರಿ 50ನೇ ತಿಂಗಳಲ್ಲಿ ಕೆಟ್ಟು ಶೇಕಡ 20 ಸಿಕ್ಕರೆ 4,800 ಕೊಡಬೇಕು. ವಾರಂಟಿಯ ಗೊಡವೆಯೇ ಬೇಡವೆಂದು ಹಳೆಯದನ್ನು ಕೊಟ್ಟು ಪಕ್ಕದ ಅಂಗಡಿಯಲ್ಲಿ ಕೊಂಡರೆ 4,900. ಐದನೇ ವರ್ಷದ ವಾರಂಟಿಯಿಂದ ಬಂದ ಲಾಭ ನೂರು ರೂಪಾಯಿ. ರಿಯಾಯಿತಿಯ ಶೇಕಡ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ, ಕಾರ್ಡಿನಲ್ಲಿ ತಿಂಗಳುವಾರು ಪಟ್ಟಿ ಇರುತ್ತದೆ. ಕೊಳ್ಳುವ ಮೊದಲು ಅದನ್ನು ಕೇಳಿ ಓದಿ, ಕೊನೆಯ ಎರಡು ಸಾಲನ್ನು ಎಂಆರ್‌ಪಿ ಜೊತೆ ಗುಣಿಸಿ ನೋಡಿ.

ಹಳೇ ತಾರೀಖಿನ ನಷ್ಟ ಈಗ ಸ್ಪಷ್ಟವಾಗುತ್ತದೆ. ಎಂಟು ತಿಂಗಳು ಸೊರಗಿದ ಬ್ಯಾಟರಿ ತಟ್ಟನೆ ಸಾಯುವುದಿಲ್ಲ. ಹೆಚ್ಚಾಗಿ ಅದು 30 ತಿಂಗಳು ಹೇಗೋ ದಾಟಿಸಿ, ಆಮೇಲೆ ಕೈಕೊಡುತ್ತದೆ. ನಾಲ್ಕು ವರ್ಷ ಬಾಳಬೇಕಾದದ್ದು ಮೂರಕ್ಕೇ ನಿಂತರೆ ಆ ಹೊತ್ತಿಗೆ ಪುಕ್ಕಟೆ ಅವಧಿ ಮುಗಿದಿರುತ್ತದೆ, ಹೊಸದಕ್ಕೆ ನೀವೇ ದುಡ್ಡು ಕೊಡಬೇಕು. ಜೊತೆಗೆ ಬಿಲ್ ಅಥವಾ ಕಾರ್ಡ್ ಕಳೆದುಹೋದರೆ ವಾರಂಟಿಯನ್ನು ತಯಾರಾದ ತಾರೀಖಿನಿಂದ ಎಣಿಸುವ ಷರತ್ತೂ ಸಾಮಾನ್ಯ. ಆಗ ಆ ಎಂಟು ತಿಂಗಳು ನೇರವಾಗಿ ನಿಮ್ಮ ಲೆಕ್ಕದಿಂದಲೇ ಹೋಗುತ್ತದೆ.

ಪುಕ್ಕಟೆ ಅವಧಿಯಲ್ಲಿ ಬದಲಿ ಸಿಕ್ಕರೂ ವಾರಂಟಿ ಹೊಸದಾಗಿ ಶುರುವಾಗುವುದಿಲ್ಲ. 20ನೇ ತಿಂಗಳಲ್ಲಿ ಬೇರೆ ಬ್ಯಾಟರಿ ಕೊಟ್ಟರೆ, ಅದರ ಪುಕ್ಕಟೆ ಅವಧಿ ಮೊದಲಿನ ಬಿಲ್‌ನಲ್ಲಿ ಉಳಿದ 10 ತಿಂಗಳು ಮಾತ್ರ. ಆದ್ದರಿಂದ ಬದಲಿ ಬ್ಯಾಟರಿಯ ತಯಾರಿಕೆ ತಿಂಗಳನ್ನೂ ಅಷ್ಟೇ ಎಚ್ಚರದಿಂದ ನೋಡಿ. ಪುಕ್ಕಟೆ ಕೊಟ್ಟಿದ್ದಾರೆಂದು ಹಳೇ ದಾಸ್ತಾನು ಒಪ್ಪಿಕೊಳ್ಳಬೇಕಿಲ್ಲ.

ವಾರಂಟಿ ತಿರಸ್ಕಾರವಾಗುವ ಕಾರಣಗಳ ಪಟ್ಟಿ ಕಾರ್ಡಿನಲ್ಲಿ ಉದ್ದಕ್ಕಿರುತ್ತದೆ. ಮೇಷ್ಟ್ರಂಥವರಿಗೆ ತಟ್ಟುವುದು ಅದರಲ್ಲಿ ಒಂದು: ಚಾರ್ಜ್ ಇಳಿದಿರುವುದು ದೋಷವಲ್ಲ. ತಿಂಗಳು ನಿಂತು ಬರಿದಾದ ಬ್ಯಾಟರಿಯನ್ನು ಒಯ್ದರೆ ಸರ್ವಿಸ್ ಸೆಂಟರ್‌ನವರು ಒಂದೆರಡು ದಿನ ಇಟ್ಟುಕೊಂಡು, ಚಾರ್ಜ್ ಮಾಡಿ, ಪರೀಕ್ಷಿಸಿ ವಾಪಸ್ ಕೊಡುತ್ತಾರೆ. ಬಳಸದೆ ಬಿಟ್ಟು ಸಲ್ಫೇಟ್ ಕಟ್ಟಿದ್ದು ಎಂದು ಬರೆದು ಬದಲಿ ನಿರಾಕರಿಸಲೂಬಹುದು. ಮೈನಸ್ ಟರ್ಮಿನಲ್ ಬಿಚ್ಚಿಡುವ ಕೆಲಸ ವಾರಂಟಿಯನ್ನೂ ಕಾಯುತ್ತದೆ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಅದೇ ಬ್ಯಾಟರಿಯ ವಾರಂಟಿ ಅವಧಿ ಕಡಿಮೆ ಇರುತ್ತದೆ. ಸ್ವಂತದ ಕಾರಿನ ನಂಬರ್ ಬರೆಸಿ ಟ್ಯಾಕ್ಸಿಗೆ ಹಾಕಿದರೆ ಕ್ಲೇಮ್ ದಿನ ಸಿಕ್ಕಿಬೀಳುವುದು ಖಂಡಿತ. ಹೊರಗಿನಿಂದ ಹಾಕಿಸಿದ ಭಾರೀ ಆಂಪ್ಲಿಫೈಯರ್, ಹೆಚ್ಚುವರಿ ಲೈಟ್‌ಗಳೂ ತಕರಾರಿಗೆ ಕಾರಣವಾಗುತ್ತವೆ.

ಮೇಷ್ಟ್ರು ಏಪ್ರಿಲ್‌ನ 48 ತಿಂಗಳದ್ದನ್ನೇ ತೆಗೆದುಕೊಂಡರು. ಹಳೇ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟರು. ಒಳಗಿರುವ ಸೀಸ ಮತ್ತು ಆಮ್ಲ ಎರಡೂ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದು ನೋಂದಾಯಿತ ಮರುಬಳಕೆದಾರರ ಕೈಗೇ ಸೇರಬೇಕು ಎನ್ನುತ್ತವೆ. ತಳ್ಳುಗಾಡಿಯವರು ನೂರು ರೂಪಾಯಿ ಹೆಚ್ಚು ಕೊಟ್ಟರೂ ಅಲ್ಲಿ ಹಾಕಬಾರದು. ಬಿಲ್‌ನಲ್ಲಿ ಬ್ಯಾಟರಿಯ ಮೈಮೇಲಿನ ಸೀರಿಯಲ್ ನಂಬರ್, ಕಾರಿನ ನೋಂದಣಿ ನಂಬರ್, ಮಾರಾಟದ ತಾರೀಖು ಮೂರನ್ನೂ ಬರೆಸಿಕೊಂಡೆವು. ಕಾರ್ಡಿನ ನಂಬರಿಗೂ ಮೈಮೇಲಿನ ನಂಬರಿಗೂ ಒಂದು ಅಕ್ಷರ ವ್ಯತ್ಯಾಸವಿದ್ದರೂ ಮುಂದೆ ಅಲೆದಾಟ. ಕಂಪನಿಯ ವಾರಂಟಿ ನೋಂದಣಿಯನ್ನು ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ಮುಗಿಸಿ, ಬಿಲ್, ಕಾರ್ಡ್ ಮತ್ತು ಕೋಡ್‌ನ ಫೋಟೊ ತೆಗೆದಿಟ್ಟೆವು. ಥರ್ಮಲ್ ಕಾಗದದ ಬಿಲ್ ಆದರೆ ಎರಡು ವರ್ಷದಲ್ಲಿ ಅಕ್ಷರ ಮಾಸಿ ಹೋಗುತ್ತದೆ, ಅದಕ್ಕೆ ಫೋಟೊ ಬೇಕೇ ಬೇಕು.

ಕೂರಿಸಿದ ಮೇಲೆ ಇನ್ನೊಂದು ಅಳತೆ ಬಾಕಿ ಇತ್ತು. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ನೋಡುವುದು. ಸಾಮಾನ್ಯ ಕಾರುಗಳಲ್ಲಿ ಇದು 13.8ರಿಂದ 14.5ರ ನಡುವೆ ಇರಬೇಕು. 13ರ ಆಸುಪಾಸಿನಲ್ಲೇ ನಿಂತರೆ ಹೊಸ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. 15 ದಾಟಿದರೆ ಒಳಗಿನ ನೀರು ಬೇಗ ಆರಿಹೋಗುತ್ತದೆ, ಓವರ್‌ಚಾರ್ಜ್ ಎಂದು ವಾರಂಟಿಯೂ ಸಿಗುವುದಿಲ್ಲ. ಎರಡರಲ್ಲಿ ಯಾವುದಾದರೂ ಕಂಡರೆ ತಪ್ಪು ಆಲ್ಟರ್ನೇಟರ್ ಅಥವಾ ಅದರ ರೆಗ್ಯುಲೇಟರ್‌ನದು, ಮೊದಲು ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಬೇಕು. ಮೇಷ್ಟ್ರ ಕಾರು 14.2 ತೋರಿಸಿತು. ಹೆಡ್‌ಲೈಟ್, ಎಸಿ ಎರಡೂ ಹಾಕಿ ನೋಡಿದರೂ 13.9ಕ್ಕಿಂತ ಕೆಳಗೆ ಇಳಿಯಲಿಲ್ಲ. ಬಿಲ್‌ನ ಹಿಂದುಗಡೆ ಆ ಎರಡು ಅಂಕಿಗಳನ್ನೂ ಬರೆದುಕೊಂಡು ಅವರು ದುಡ್ಡು ಎಣಿಸಿದರು.